ಕಂತು ಪೂರ್ತಿ ಖರ್ಚೂ ಅಲ್ಲ, ಪೂರ್ತಿ ಸಾಲವೂ ಅಲ್ಲ: ಬಡ್ಡಿ, ಅಸಲನ್ನು ಪುಸ್ತಕದಲ್ಲಿ ಬೇರೆ ಮಾಡುವ ಬಗೆ

ಪ್ರಶ್ನೆ: ಸರ್, ನನ್ನದು ದಾವಣಗೆರೆಯಲ್ಲಿ ಚಿಕ್ಕ ಪ್ರಿಂಟಿಂಗ್ ಪ್ರೆಸ್. 2024ರ ಅಕ್ಟೋಬರ್ 5ಕ್ಕೆ ಮೆಷಿನ್‌ಗೆ ಅಂತ ಬ್ಯಾಂಕಲ್ಲಿ 6 ಲಕ್ಷ ಟರ್ಮ್ ಲೋನ್ ತಗೊಂಡೆ. 12% ಬಡ್ಡಿ, 36 ಕಂತು, ತಿಂಗಳಿಗೆ 19,929. ಮೆಷಿನ್ 8 ಲಕ್ಷದ್ದು, ಆವತ್ತೇ ಕೆಲಸ ಶುರು ಮಾಡಿದ್ವಿ. ಮಾರ್ಚ್‌ವರೆಗೆ ಐದು ಕಂತು ಕಟ್ಟಿದ್ದೀನಿ. ಅಕೌಂಟ್ಸ್ ಬರೆಯೋ ಹುಡುಗ ಎಲ್ಲಾ ಕಂತನ್ನೂ ಲೋನ್ ಲೆಡ್ಜರ್‌ಗೇ ಹಾಕಿದಾನೆ. ಈಗ ನಮ್ಮ ಪುಸ್ತಕದಲ್ಲಿ ಸಾಲ 5,00,355 ಅಂತಿದೆ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ 5,28,948 ಅಂತಿದೆ. ನನಗೇನೋ ಕಂತು ಪೂರ್ತಿ ಖರ್ಚು ಅನ್ಸುತ್ತೆ, ದುಡ್ಡು ಹೋಗಿದೆ ತಾನೆ? ರಿಟರ್ನ್ ಇನ್ನೂ ಹಾಕಿಲ್ಲ. ಯಾರದ್ದು ಸರಿ?

ಉತ್ತರ: ಬ್ಯಾಂಕಿನ ಬಾಕಿ ಸರಿ. ನಿಮ್ಮ ಹುಡುಗ ಹಾಕಿದ್ದೂ ತಪ್ಪು, ನಿಮಗೆ ಅನ್ನಿಸಿದ್ದೂ ತಪ್ಪು, ಆದರೆ ಎರಡೂ ತಪ್ಪು ಬೇರೆ ಬೇರೆ ಕಡೆ ಎಳೆಯುತ್ತವೆ. ಎರಡು ಬಾಕಿಗಳ ನಡುವಿನ ವ್ಯತ್ಯಾಸ ನೋಡಿ: 28,593. ಐದು ಕಂತುಗಳಲ್ಲಿ ಸೇರಿಕೊಂಡಿದ್ದ ಬಡ್ಡಿ ಅಷ್ಟೂ ಅದೇ. ಹುಡುಗ ಬಡ್ಡಿಯನ್ನು ಎಲ್ಲೂ ಬರೆಯದೇ ಅದನ್ನೂ ಸಾಲ ತೀರಿದ ಲೆಕ್ಕಕ್ಕೆ ಸೇರಿಸಿದ್ದಾನೆ. ಹಾಗಾಗಿ ಬ್ಯಾಂಕಿಗೆ ಗೊತ್ತಿಲ್ಲದೆ ನಿಮ್ಮ ಪುಸ್ತಕದಲ್ಲಿ ಮಾತ್ರ ಅಷ್ಟು ಸಾಲ ತೀರಿಬಿಟ್ಟಿದೆ.

ಮೊದಲು ನಿಮ್ಮ ಮಾತನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಸಣ್ಣ ವ್ಯಾಪಾರ ಮಾಡುವವರಲ್ಲಿ ಜಾಸ್ತಿ ಜನ ಹಾಗೇ ಯೋಚಿಸುತ್ತಾರೆ. ದುಡ್ಡು ಹೋದದ್ದು ನಿಜ. ಆದರೆ ಅಕ್ಟೋಬರ್‌ನಲ್ಲಿ 6 ಲಕ್ಷ ಬಂದಾಗ ನೀವು ಅದನ್ನು ಆದಾಯ ಅಂತ ತೋರಿಸಲಿಲ್ಲ, ಅಲ್ವಾ? ಬಂದಾಗ ಆದಾಯವಲ್ಲದ್ದು ವಾಪಸ್ ಹೋಗುವಾಗ ಖರ್ಚು ಹೇಗಾಗುತ್ತದೆ? ಅಸಲು ಅಂದರೆ ಬ್ಯಾಂಕಿನ ದುಡ್ಡು ಬ್ಯಾಂಕಿಗೆ ಮರಳುವುದು. ಆ ದುಡ್ಡನ್ನು ಬಳಸಿಕೊಂಡಿದ್ದಕ್ಕೆ ನೀವು ಕೊಡುವ ಬಾಡಿಗೆ ಮಾತ್ರ ಖರ್ಚು, ಅದೇ ಬಡ್ಡಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಾಗಾದರೆ ಮೆಷಿನ್‌ಗೆ ಹಾಕಿದ 8 ಲಕ್ಷ ಯಾವತ್ತೂ ಖರ್ಚಾಗಿ ಬರುವುದೇ ಇಲ್ಲವಾ? ಬರುತ್ತದೆ, ಆದರೆ ಕಂತಿನ ದಾರಿಯಲ್ಲಿ ಅಲ್ಲ, ಸವಕಳಿಯ ದಾರಿಯಲ್ಲಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಇಂಥ ಯಂತ್ರಕ್ಕೆ ವರ್ಷಕ್ಕೆ 15% ಸವಕಳಿ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಕ್ಟೋಬರ್ 5ರಿಂದ ಮಾರ್ಚ್ 31ರವರೆಗೆ ಎಣಿಸಿದರೆ 178 ದಿನ ಆಗುತ್ತದೆ, ಎರಡೇ ದಿನ ಕಡಿಮೆ. ಹಾಗಾಗಿ ನಿಮಗೆ ಈ ವರ್ಷ 7.5%, ಅಂದರೆ 60,000 (ಜಿಎಸ್‌ಟಿ ಬಿಟ್ಟು ಮೆಷಿನ್ ಬೆಲೆ 8 ಲಕ್ಷ ಅಂತ ಇಟ್ಟುಕೊಂಡಿದ್ದೇನೆ). ಈ ಸವಕಳಿ ಮೆಷಿನ್‌ನ ಪೂರ್ತಿ ಬೆಲೆಯ ಮೇಲೆ ಸಿಗುತ್ತದೆ. ಅದರಲ್ಲಿ ನಿಮ್ಮ ಕೈಯಿಂದ ಹಾಕಿದ್ದು ಎಷ್ಟು, ಸಾಲದ್ದು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಈಗ ನೀವು ಕಂತು ಪೂರ್ತಿ 99,645 ಖರ್ಚು ಹಾಕಿ, ಮೇಲೆ ಸವಕಳಿ 60,000 ಕೂಡ ಹಾಕಿದರೆ ಏನಾಯಿತು? ಒಂದೇ ಮೆಷಿನ್ ಬೆಲೆಯನ್ನು ಎರಡು ಸಲ ಖರ್ಚು ತೋರಿಸಿದಂತಾಯಿತು, ಒಮ್ಮೆ ಅಸಲಾಗಿ, ಇನ್ನೊಮ್ಮೆ ಸವಕಳಿಯಾಗಿ. ಇಲಾಖೆಯವರು ಪ್ರಶ್ನೆ ಮಾಡಿದರೆ ನಿಲ್ಲುವ ಲೆಕ್ಕ ಅಲ್ಲ ಇದು.

ಹುಡುಗನ ದಾರಿ ಇದಕ್ಕೆ ತದ್ವಿರುದ್ಧ. ಅವನು ಬಡ್ಡಿಯನ್ನು ಖರ್ಚೇ ತೋರಿಸಿಲ್ಲ. ನಿಮಗೆ ಸಿಗಬೇಕಾದ ಖರ್ಚು ಬಿಟ್ಟುಹೋಗಿ ಲಾಭ ಜಾಸ್ತಿ ಕಾಣುತ್ತದೆ, ಅದರ ಮೇಲೆ ಸುಮ್ನೆ ತೆರಿಗೆ ಕಟ್ಟುತ್ತೀರಿ.

ಇನ್ನು ಬ್ಯಾಂಕ್ ಬಡ್ಡಿ ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದಕ್ಕೆ ಬರೋಣ. ಕಂತು ಪ್ರತಿ ತಿಂಗಳೂ ಒಂದೇ ಮೊತ್ತ, ಆದರೆ ಒಳಗಿನ ಪಾಲು ತಿಂಗಳು ತಿಂಗಳು ಬದಲಾಗುತ್ತದೆ. ಆ ತಿಂಗಳು ಬಾಕಿ ಇರುವ ಸಾಲದ ಮೇಲೆ ಮಾತ್ರ ಬಡ್ಡಿ. ಕಂತಿನಲ್ಲಿ ಮೊದಲು ಬಡ್ಡಿ ತೆಗೆದು ಉಳಿದದ್ದನ್ನು ಅಸಲಿಗೆ ಹಾಕುತ್ತಾರೆ. ವರ್ಷಕ್ಕೆ 12% ಅಂದರೆ ತಿಂಗಳಿಗೆ 1%. ನವೆಂಬರ್ 5ಕ್ಕೆ 6,00,000ದ 1%, ಅಂದರೆ 6,000 ಬಡ್ಡಿ. 19,929ರಲ್ಲಿ ಅದನ್ನು ಕಳೆದರೆ 13,929 ಅಸಲು. ಬಾಕಿ 5,86,071ಕ್ಕೆ ಇಳಿಯಿತು. ಮುಂದಿನ ತಿಂಗಳು ಈ 5,86,071ರ ಮೇಲೆ 1%. ಹೀಗೇ ಮುಂದುವರಿದರೆ ನಿಮ್ಮ ಐದು ಕಂತು ಹೀಗೆ ಬರುತ್ತವೆ, ಪೈಸೆಗಳನ್ನು ಹತ್ತಿರದ ರೂಪಾಯಿಗೆ ತಂದಿದ್ದೇನೆ:

| ಕಂತಿನ ದಿನ | ಬಡ್ಡಿ | ಅಸಲು | ಉಳಿದ ಸಾಲ |
|---|---|---|---|
| ನವೆಂಬರ್ 5 | 6,000 | 13,929 | 5,86,071 |
| ಡಿಸೆಂಬರ್ 5 | 5,861 | 14,068 | 5,72,003 |
| ಜನವರಿ 5 | 5,720 | 14,209 | 5,57,794 |
| ಫೆಬ್ರವರಿ 5 | 5,578 | 14,351 | 5,43,443 |
| ಮಾರ್ಚ್ 5 | 5,434 | 14,495 | 5,28,948 |

ಬಡ್ಡಿ ಒಟ್ಟು 28,593, ಅಸಲು ಒಟ್ಟು 71,052, ಎರಡೂ ಸೇರಿ 99,645. ಕೊನೆಯ ಬಾಕಿ ನಿಮ್ಮ ಸ್ಟೇಟ್‌ಮೆಂಟಿನ ಅಂಕಿಯೇ ಆಗಿದೆ ನೋಡಿ.

ಕೆಲವರು ಇಲ್ಲಿ ಸುಲಭದ ದಾರಿ ಹಿಡಿಯುತ್ತಾರೆ. 36 ಕಂತು ಕೂಡಿಸಿ ಅದರಲ್ಲಿ 6 ಲಕ್ಷ ಕಳೆದು, ಉಳಿದ 1,17,444 ಬಡ್ಡಿಯನ್ನು 36ರಿಂದ ಭಾಗಿಸಿ ತಿಂಗಳಿಗೆ 3,262 ಅಂತ ಸಮನಾಗಿ ಹಾಕಿಬಿಡುತ್ತಾರೆ. ಅದು ಸರಿಯಲ್ಲ. ಹಾಗೆ ಮಾಡಿದರೆ ನಿಮ್ಮ ಐದು ತಿಂಗಳ ಬಡ್ಡಿ 16,310 ಮಾತ್ರ ಬರುತ್ತದೆ. ಬ್ಯಾಂಕ್ ನಿಜವಾಗಿ ತೆಗೆದುಕೊಂಡಿದ್ದು ಅದಕ್ಕಿಂತ 12,283 ಜಾಸ್ತಿ. ಸಾಲ ದೊಡ್ಡದಿರುವ ಮೊದಲ ತಿಂಗಳುಗಳಲ್ಲಿ ಬಡ್ಡಿ ಜಾಸ್ತಿ, ಕೊನೆಕೊನೆಗೆ ಹೆಚ್ಚುಕಡಿಮೆ ಕಂತೆಲ್ಲ ಅಸಲೇ ಆಗಿರುತ್ತದೆ. ಸಮನಾಗಿ ಹಂಚಿದರೆ ಲೋನ್ ಲೆಡ್ಜರ್ ಕೊನೆಯ ಕಂತಿನವರೆಗೂ ಸ್ಟೇಟ್‌ಮೆಂಟಿಗೆ ತಾಳೆಯಾಗುವುದಿಲ್ಲ.

ಎಕ್ಸೆಲ್ ಬಳಸುವವರಾದರೆ ಇಷ್ಟು ಸಾಕು:

```
=PMT(12%/12,36,-600000)
=IPMT(12%/12,1,36,-600000)
=PPMT(12%/12,1,36,-600000)
=CUMIPMT(12%/12,36,600000,1,5,0)
```

ಮೊದಲನೆಯದು ಕಂತು ಕೊಡುತ್ತದೆ. ಎರಡನೆಯದು ಮೊದಲ ಕಂತಿನ ಬಡ್ಡಿ, ಮೂರನೆಯದು ಅದರ ಅಸಲು. ಕೊನೆಯದು ಒಂದರಿಂದ ಐದನೇ ಕಂತಿನವರೆಗಿನ ಒಟ್ಟು ಬಡ್ಡಿ, ಅದು ಮೈನಸ್ ಚಿಹ್ನೆಯ ಜೊತೆ ಬರುತ್ತದೆ, ಗಾಬರಿ ಬೇಡ. ನಾನು ಮೇಲೆ ರೂಪಾಯಿಗೆ ತಂದಿರುವುದರಿಂದ ಒಂದೆರಡು ರೂಪಾಯಿ ಆಚೀಚೆ ಆಗಬಹುದು.

ಈಗ ಪುಸ್ತಕಕ್ಕೆ ಬರೆಯುವ ವಿಷಯ. ನಾನು ಇಡೀ ಉತ್ತರದಲ್ಲಿ ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಕಂತನ್ನು ಒಡೆಯಲು ಹೋಗಬೇಡಿ. ಸಾಮಾನ್ಯವಾಗಿ ಹೇಳಿಕೊಡುವುದು ಏನೆಂದರೆ, ಕಂತು ಕಟ್ಟಿದ ದಿನ ಒಂದೇ ಎಂಟ್ರಿಯಲ್ಲಿ ಬಡ್ಡಿ 6,000 ಡೆಬಿಟ್, ಲೋನ್ 13,929 ಡೆಬಿಟ್, ಬ್ಯಾಂಕ್ 19,929 ಕ್ರೆಡಿಟ್. ತಪ್ಪಲ್ಲ. ಆದರೆ ಅದಕ್ಕೆ ಪ್ರತಿ ತಿಂಗಳೂ ಹುಡುಗ ಮೇಲಿನಂಥ ಪಟ್ಟಿ, ಅಂದರೆ ಕಂತಿನ ಶೆಡ್ಯೂಲ್ ನೋಡಿ ಅಂಕಿ ಎತ್ತಬೇಕು, ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ತಪ್ಪು. ಅದರ ಬದಲು ಇದನ್ನು ಎರಡು ಬೇರೆ ಬೇರೆ ಘಟನೆಗಳಾಗಿ ನೋಡಿ. ಬ್ಯಾಂಕ್ ನಿಮ್ಮ ಸಾಲದ ಮೇಲೆ ಬಡ್ಡಿ ಹಾಕುವುದು ಒಂದು. ಆಗ ಸಾಲ ಏರುತ್ತದೆ. ನೀವು ಕಂತು ಕಟ್ಟುವುದು ಇನ್ನೊಂದು. ಆಗ ಸಾಲ ಇಳಿಯುತ್ತದೆ.

ಟ್ಯಾಲಿಯಲ್ಲಾದರೆ, ಟರ್ಮ್ ಲೋನ್ ಲೆಡ್ಜರ್ ಅನ್ನು `Secured Loans` ಗುಂಪಿನಲ್ಲಿ ಇಡಿ. ಸಾಲದ ಬಡ್ಡಿ ಅಂತ ಒಂದು ಲೆಡ್ಜರ್ ಅನ್ನು `Indirect Expenses` ಗುಂಪಿನಲ್ಲಿ ತೆರೆಯಿರಿ. ಬ್ಯಾಂಕ್ ಬಡ್ಡಿ ಹಾಕಿದ ದಿನ `F7` ಒತ್ತಿ ಜರ್ನಲ್: ಸಾಲದ ಬಡ್ಡಿ ಡೆಬಿಟ್ 6,000, ಟರ್ಮ್ ಲೋನ್ ಕ್ರೆಡಿಟ್ 6,000. ಕಂತು ಹೋದ ದಿನ `F5` ಒತ್ತಿ ಪೇಮೆಂಟ್: ಟರ್ಮ್ ಲೋನ್ ಡೆಬಿಟ್ 19,929, ಬ್ಯಾಂಕ್ ಕ್ರೆಡಿಟ್ 19,929. ಮುಗಿಯಿತು. ಸಾಲ 6,06,000ಕ್ಕೆ ಏರಿ 5,86,071ಕ್ಕೆ ಇಳಿಯಿತು. 13,929 ಅನ್ನುವ ಅಂಕಿಯನ್ನು ಎಲ್ಲೂ ಬರೆಯಲೇ ಇಲ್ಲ, ಆದರೂ ಅಸಲು ತಾನಾಗಿ ಬೇರೆಯಾಯಿತು.

ಇದರಿಂದ ಇನ್ನೊಂದು ಲಾಭ ಇದೆ. ನಿಮ್ಮ ಲೋನ್ ಲೆಡ್ಜರ್ ಬ್ಯಾಂಕಿನ ಲೋನ್ ಸ್ಟೇಟ್‌ಮೆಂಟಿನ ಕನ್ನಡಿ ಆಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋಗಬಹುದು. ಒಂದು ಎಚ್ಚರ ಮಾತ್ರ ಇರಲಿ. ಸ್ಟೇಟ್‌ಮೆಂಟ್ ಬ್ಯಾಂಕಿನ ಪುಸ್ತಕ, ಹಾಗಾಗಿ ಅಲ್ಲಿ ಬಡ್ಡಿ ಡೆಬಿಟ್ ಕಡೆ, ಕಂತು ಕ್ರೆಡಿಟ್ ಕಡೆ ಇರುತ್ತದೆ. ನಿಮ್ಮ ಪುಸ್ತಕದ ಲೋನ್ ಲೆಡ್ಜರ್‌ನಲ್ಲಿ ಇದು ಉಲ್ಟಾ. ಹೊಸಬರು ಸ್ಟೇಟ್‌ಮೆಂಟ್ ನೋಡಿಕೊಂಡು ಹಾಗೇ ಎತ್ತಿ ಬರೆದು ಸಾಲವನ್ನು ಬೆಳೆಸಿಬಿಡುತ್ತಾರೆ.

ಇನ್ನು ಸ್ಟೇಟ್‌ಮೆಂಟ್ ತೆಗೆದು ಬ್ಯಾಂಕ್ ಯಾವ ದಿನ ಬಡ್ಡಿ ಹಾಕುತ್ತಿದೆ ಅಂತ ನೋಡಿ. ನಿಮ್ಮ ಬ್ಯಾಂಕ್ ಕಂತಿನ ದಿನವೇ ಹಾಕುತ್ತಿದೆ, ಅದು ಮಾರ್ಚ್ ಕೊನೆಯ ಬಾಕಿಯಿಂದಲೇ ಗೊತ್ತಾಗುತ್ತದೆ. ಎಷ್ಟೋ ಬ್ಯಾಂಕುಗಳು ಹಾಗೆ ಮಾಡುವುದಿಲ್ಲ. ದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕಿ ತಿಂಗಳ ಕೊನೆಯ ದಿನ ಸಾಲಕ್ಕೆ ಸೇರಿಸುತ್ತವೆ. ನಿಮ್ಮದೇ ಸಾಲ ಅಂಥ ಬ್ಯಾಂಕಿನಲ್ಲಿ ಇದ್ದಿದ್ದರೆ ಅಕ್ಟೋಬರ್ 31ಕ್ಕೆ 27 ದಿನದ ಬಡ್ಡಿ 5,326 ಬೀಳುತ್ತಿತ್ತು, ಕಂತು ನವೆಂಬರ್ 5ಕ್ಕೆ ಹೋಗುತ್ತಿತ್ತು. 31 ದಿನದ ತಿಂಗಳಿಗೂ 28 ದಿನದ ಫೆಬ್ರವರಿಗೂ ಬಡ್ಡಿ ಬೇರೆ ಬೇರೆ ಆಗುತ್ತದೆ: 6 ಲಕ್ಷದ ಮೇಲೆ 31 ದಿನಕ್ಕೆ 6,115, 28 ದಿನಕ್ಕೆ 5,523. ಎಕ್ಸೆಲ್ ಶೆಡ್ಯೂಲ್ ಹಿಡಿದುಕೊಂಡು ಕಂತು ಒಡೆಯುವವರಿಗೆ ಇಲ್ಲಿ ತಲೆಕೆಡುತ್ತದೆ. ಎರಡು ಎಂಟ್ರಿಯ ದಾರಿಯಲ್ಲಿ ಹೋಗುವವರು ಬ್ಯಾಂಕ್ ಯಾವ ದಿನ ಎಷ್ಟು ಹಾಕಿತೋ ಅಷ್ಟನ್ನು ಬರೆದರೆ ಆಯಿತು.

ಬಡ್ಡಿ ದರ ಬದಲಾದಾಗಲೂ ಇದೇ ಕಥೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ ಫ್ಲೋಟಿಂಗ್ ದರದ ಹೊಸ ಸಾಲಗಳನ್ನು ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಮರುಹೊಂದಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಫೆಬ್ರವರಿ 7ರಂದು ರೆಪೋ 6.50%ರಿಂದ 6.25%ಕ್ಕೆ ಇಳಿಯಿತು. ನಿಮ್ಮ ಸಾಲ ಹಾಗೆ ಜೋಡಿಸಿದ್ದಾಗಿದ್ದರೆ ಆ ಒಂದು ಇಳಿಕೆಯಿಂದ ದರ 11.75% ಆಗುತ್ತದೆ. ಆಗ 5,28,948ರ ಮೇಲೆ ತಿಂಗಳ ಬಡ್ಡಿ 5,289 ಬದಲು 5,179. ಕಂತು ಅಷ್ಟೇ ಇಟ್ಟರೆ ಆ 110 ರೂಪಾಯಿ ಅಸಲಿಗೆ ಹೋಗುತ್ತದೆ, ಸಾಲ ಸ್ವಲ್ಪ ಬೇಗ ತೀರುತ್ತದೆ. ಸಾಲ ಕೊಟ್ಟ ದಿನ ಬ್ಯಾಂಕಿನವರು ಕೊಟ್ಟ ಶೆಡ್ಯೂಲ್ ಆ ಹೊತ್ತಿಗೆ ಹಳೆಯದಾಗಿರುತ್ತದೆ. ಅದರಿಂದ ಅಂಕಿ ಎತ್ತಬೇಡಿ, ಸ್ಟೇಟ್‌ಮೆಂಟ್‌ನಿಂದಲೇ ಎತ್ತಿ. ಶೆಡ್ಯೂಲ್ ಇರುವುದು ಅಂದಾಜಿಗೆ, ಮತ್ತು ಬ್ಯಾಂಕ್ ತಪ್ಪಿ ಜಾಸ್ತಿ ಬಡ್ಡಿ ಹಾಕಿತಾ ಅಂತ ಪರೀಕ್ಷೆ ಮಾಡಲು.

ಸಾಲ ಬಂದ ದಿನದ ಎಂಟ್ರಿಯನ್ನೂ ಒಮ್ಮೆ ನೋಡಿಬಿಡಿ. ನಿಮ್ಮ ಲೆಡ್ಜರ್ 6,00,000ದಿಂದ ಶುರುವಾಗಿದೆ, ಅದು ಸರಿ. ಆದರೆ ಬ್ಯಾಂಕುಗಳು ಪ್ರೊಸೆಸಿಂಗ್ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೊಡುವುದೂ ಉಂಟು. ಉದಾಹರಣೆಗೆ 1% ಶುಲ್ಕ 6,000, ಅದರ ಮೇಲೆ 18% ಜಿಎಸ್‌ಟಿ 1,080 ಹಿಡಿದರೆ ಕೈಗೆ ಬರುವುದು 5,92,920. ಬಂದದ್ದು ಇಷ್ಟೇ ಅಂತ ಸಾಲವನ್ನು 5,92,920 ಅಂತ ಬರೆದರೆ ಮೊದಲ ದಿನವೇ 7,080 ತಪ್ಪು. ಸಾಲ ಪೂರ್ತಿ 6,00,000 ಕ್ರೆಡಿಟ್ ಆಗಬೇಕು. ಬ್ಯಾಂಕ್ 5,92,920, ಪ್ರೊಸೆಸಿಂಗ್ ಶುಲ್ಕ 6,000, ಇನ್‌ಪುಟ್ ಜಿಎಸ್‌ಟಿ 1,080 ಡೆಬಿಟ್ ಆಗಬೇಕು. ಜಿಎಸ್‌ಟಿ ನೋಂದಣಿ ಇದ್ದು, ಬ್ಯಾಂಕಿಗೆ ನಿಮ್ಮ ನಂಬರ್ ಕೊಟ್ಟಿದ್ದರೆ ಆ 1,080 ಕ್ರೆಡಿಟ್ ತೆಗೆದುಕೊಳ್ಳಬಹುದು. ಸಾಲದ ಬಡ್ಡಿಗೆ ಮಾತ್ರ ಜಿಎಸ್‌ಟಿ ಇಲ್ಲ. ಶುಲ್ಕಕ್ಕೆ ಇದೆ, ಬಡ್ಡಿಗೆ ಇಲ್ಲ, ಅದಕ್ಕೇ ಎರಡನ್ನೂ ಒಂದೇ ಲೆಡ್ಜರ್‌ನಲ್ಲಿ ಕಲಸಬೇಡಿ.

ಮಾರ್ಚ್ 31ಕ್ಕೆ ಬರೋಣ. ಇಲ್ಲಿ ಒಂದು ಚಿಕ್ಕ ಅಂಕಿ ಬಿಟ್ಟುಹೋಗುತ್ತದೆ. ಮಾರ್ಚ್ 5ಕ್ಕೆ ಕಂತು ಕಟ್ಟಿದ ಮೇಲೂ ನೀವು ಬ್ಯಾಂಕಿನ ದುಡ್ಡು ಬಳಸುತ್ತಲೇ ಇದ್ದೀರಿ. ಅದರ ಬಡ್ಡಿ ಏಪ್ರಿಲ್ 5ಕ್ಕೆ ಬೀಳುತ್ತದೆ, ಆದರೆ ಅದರಲ್ಲಿ ಹೆಚ್ಚಿನ ಪಾಲು ಮಾರ್ಚ್ ತಿಂಗಳದ್ದು. ಏಪ್ರಿಲ್ 5ರ ಬಡ್ಡಿ 5,289. ಮಾರ್ಚ್ 5ರಿಂದ ಏಪ್ರಿಲ್ 4ರವರೆಗೆ 31 ದಿನ, ಅದರಲ್ಲಿ ಮಾರ್ಚ್‌ನ ದಿನಗಳು 27. 5,289ನ್ನು 27ರಿಂದ ಗುಣಿಸಿ 31ರಿಂದ ಭಾಗಿಸಿದರೆ 4,607. ಇದು ಮಾರ್ಚ್ 31ಕ್ಕೆ ಮುಗಿದ ವರ್ಷದ ಖರ್ಚು. ಬ್ಯಾಂಕ್ ಇನ್ನೂ ಸಾಲಕ್ಕೆ ಸೇರಿಸಿಲ್ಲ, ಹಾಗಾಗಿ ಲೋನ್ ಲೆಡ್ಜರ್‌ಗೆ ಹಾಕಬೇಡಿ, ಹಾಕಿದರೆ ಬಾಕಿ ತಾಳೆಯಾಗುವುದಿಲ್ಲ. ಕೊಡಬೇಕಾದ ಬಡ್ಡಿ ಅಂತ ಒಂದು ಲೆಡ್ಜರ್ ಅನ್ನು `Current Liabilities` ಅಡಿಯಲ್ಲಿ ತೆರೆದು, ಸಾಲದ ಬಡ್ಡಿ ಡೆಬಿಟ್ 4,607, ಕೊಡಬೇಕಾದ ಬಡ್ಡಿ ಕ್ರೆಡಿಟ್ 4,607 ಅಂತ ಮಾರ್ಚ್ 31ರ ತಾರೀಖಿಗೆ ಜರ್ನಲ್ ಹಾಕಿ. ವರ್ಷದ ಬಡ್ಡಿ ಖರ್ಚು 28,593 ಮತ್ತು 4,607 ಸೇರಿ 33,200 ಆಯಿತು. ತಿಂಗಳ ಕೊನೆಗೆ ಬಡ್ಡಿ ಹಾಕುವ ಬ್ಯಾಂಕಾದರೆ ಈ ಜರ್ನಲ್ ಬೇಕಾಗಿಲ್ಲ, ಮಾರ್ಚ್ 31ರವರೆಗಿನ ಬಡ್ಡಿಯನ್ನು ಅವರೇ ಹಾಕಿರುತ್ತಾರೆ.

ಕಟ್ಟದೇ ಇರುವ ಬಡ್ಡಿಯನ್ನು ಖರ್ಚು ತೋರಿಸಬಹುದಾ ಅಂತ ನೀವು ಕೇಳುತ್ತೀರಿ. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಪ್ರಕಾರ ಬ್ಯಾಂಕ್ ಬಡ್ಡಿ ನಿಜವಾಗಿ ಕಟ್ಟಿದಾಗ ಮಾತ್ರ ಖರ್ಚಾಗಿ ಸಿಗುತ್ತದೆ. ಆದರೆ ರಿಟರ್ನ್ ಸಲ್ಲಿಸುವ ಗಡುವಿನ ಒಳಗೆ ಕಟ್ಟಿದ್ದರೆ ಅದೇ ವರ್ಷಕ್ಕೆ ಸಿಗುತ್ತದೆ. ಏಪ್ರಿಲ್ 5ರ ಕಂತು ಕಟ್ಟಿದ್ದರೆ ನಿಮ್ಮ 4,607 ಸುರಕ್ಷಿತ. ಇದರ ಬಿಸಿ ತಟ್ಟುವುದು ಕಂತು ಬಾಕಿ ಉಳಿಸಿಕೊಂಡವರಿಗೆ. ಕಟ್ಟದ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಪರಿವರ್ತಿಸಿದರೂ ಕಟ್ಟಿದಂತೆ ಆಗುವುದಿಲ್ಲ ಅಂತ ಅದೇ ಕಲಮಿನ ವಿವರಣೆಯಲ್ಲಿ ಇದೆ. (2026ರ ಏಪ್ರಿಲ್‌ನಿಂದ 2025ರ ಹೊಸ ಕಾಯ್ದೆ ಜಾರಿ, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ನಿಮ್ಮ ಈ ವರ್ಷದ ಲೆಕ್ಕ ಹಳೆಯದರಲ್ಲೇ.)

ಹಾಗಾದರೆ ಈ ವರ್ಷ ಮೆಷಿನ್ ಮತ್ತು ಸಾಲದ ಲೆಕ್ಕದಲ್ಲಿ ನಿಮ್ಮ ಖರ್ಚು ಎಷ್ಟು? ಬಡ್ಡಿ 33,200, ಸವಕಳಿ 60,000, ಒಟ್ಟು 93,200. ನೀವು ಯೋಚಿಸಿದಂತೆ ಮಾಡಿದ್ದರೆ 1,59,645 ಆಗುತ್ತಿತ್ತು, ಹುಡುಗ ಮಾಡಿದಂತೆ ಬಿಟ್ಟರೆ ಬರೀ 60,000.

ತಿದ್ದುವುದು ಕಷ್ಟವಿಲ್ಲ. ಹುಡುಗ ಹಾಕಿದ ಪೇಮೆಂಟ್ ಎಂಟ್ರಿಗಳನ್ನು ಮುಟ್ಟಬೇಡಿ, ಅವು ಎರಡು ಎಂಟ್ರಿಯ ದಾರಿಯಲ್ಲಿ ಸರಿಯಾಗಿಯೇ ಇವೆ. ಬಿಟ್ಟುಹೋಗಿರುವುದು ಬಡ್ಡಿಯ ಐದು ಜರ್ನಲ್ ಮಾತ್ರ. ಮೇಲಿನ ಪಟ್ಟಿಯ ಬಡ್ಡಿ ಅಂಕಿಗಳನ್ನು ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಿ, ಆಯಾ ತಾರೀಖಿಗೆ ಹಾಕಿಸಿ. 5,00,355 ಏರಿ 5,28,948ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಮಾರ್ಚ್ 31ರ 4,607. ಏಪ್ರಿಲ್ 5ರಂದು ಬಡ್ಡಿಯ ಜರ್ನಲ್ ಸ್ವಲ್ಪ ಬೇರೆ ಇರುತ್ತದೆ: ಕೊಡಬೇಕಾದ ಬಡ್ಡಿ ಡೆಬಿಟ್ 4,607, ಸಾಲದ ಬಡ್ಡಿ ಡೆಬಿಟ್ 682, ಟರ್ಮ್ ಲೋನ್ ಕ್ರೆಡಿಟ್ 5,289. ಹೊಸ ವರ್ಷಕ್ಕೆ 682 ಮಾತ್ರ ಖರ್ಚಾಗಿ ಬರುತ್ತದೆ. ಇದನ್ನು ಮರೆತು ಏಪ್ರಿಲ್‌ನಲ್ಲಿ 5,289 ಪೂರ್ತಿ ಖರ್ಚಿಗೆ ಹಾಕಿದರೆ 4,607 ಎರಡು ವರ್ಷದಲ್ಲೂ ಖರ್ಚಾಗಿ ಕೂರುತ್ತದೆ.

ಮುಂದೆಯೂ ಎಲ್ಲಿ ತಪ್ಪಿದೆ ಅಂತ ಕಂಡುಹಿಡಿಯಲು ವ್ಯತ್ಯಾಸದ ಅಂಕಿಯೇ ಸಾಕು. ನಿಮ್ಮ ಪುಸ್ತಕದ ಸಾಲ ಬ್ಯಾಂಕಿನದಕ್ಕಿಂತ ಕಡಿಮೆ ಇದ್ದು, ವ್ಯತ್ಯಾಸ ಯಾವುದೋ ಒಂದು ತಿಂಗಳ ಬಡ್ಡಿಗೆ ಸಮ ಇದ್ದರೆ ಆ ತಿಂಗಳ ಜರ್ನಲ್ ಬಿಟ್ಟುಹೋಗಿದೆ. ಪುಸ್ತಕದ ಸಾಲ 19,929ರಷ್ಟೇ ಕಡಿಮೆ ಇದ್ದರೆ ಯಾವುದೋ ಕಂತು ಬೌನ್ಸ್ ಆಗಿದೆ, ಹುಡುಗ ಅದನ್ನು ಕಟ್ಟಿದಂತೆ ಬರೆದಿದ್ದಾನೆ. ಪುಸ್ತಕದಲ್ಲಿ ಸಾಲ ಇನ್ನೂ 6,00,000ವೇ ಇದ್ದರೆ ಕಂತುಗಳೆಲ್ಲ ಖರ್ಚಿಗೆ ಹೋಗಿವೆ ಅಂತ ಅರ್ಥ. ನಾಲ್ಕೈದು ನೂರು ರೂಪಾಯಿಯ ವ್ಯತ್ಯಾಸ ಇದ್ದರೆ ಬೌನ್ಸ್ ಶುಲ್ಕವನ್ನೋ ಇನ್ಯಾವುದೋ ಶುಲ್ಕವನ್ನೋ ಬ್ಯಾಂಕ್ ಸಾಲಕ್ಕೇ ಸೇರಿಸಿರಬಹುದು, ಅದು ಬಡ್ಡಿ ಅಲ್ಲ, ಬ್ಯಾಂಕ್ ಚಾರ್ಜಸ್‌ಗೆ ಹೋಗಬೇಕು. ನಡುವೆ ಎಂದಾದರೂ ನೀವು 50,000 ಹೆಚ್ಚುವರಿಯಾಗಿ ಕಟ್ಟಿದರೆ, ಅದರಲ್ಲಿ ಬಡ್ಡಿ ಹುಡುಕಬೇಡಿ. ಲೋನ್ ಡೆಬಿಟ್, ಬ್ಯಾಂಕ್ ಕ್ರೆಡಿಟ್, ಅಷ್ಟೇ.

ಬ್ಯಾಲೆನ್ಸ್ ಶೀಟ್‌ನಲ್ಲಿ 5,28,948ನ್ನು ಎರಡು ಭಾಗ ಮಾಡಿ ತೋರಿಸುವುದು ಒಳ್ಳೆಯದು. 12% ದರವೇ ಮುಂದುವರಿದರೆ 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ 12 ಕಂತುಗಳಲ್ಲಿ ಅಸಲು 1,85,667 ತೀರುತ್ತದೆ. ಇದು ಒಂದು ವರ್ಷದೊಳಗೆ ಕೊಡಬೇಕಾದ ಸಾಲ. ಉಳಿದ 3,43,281 ಆಮೇಲಿನದು. ಮುಂದೆ ಬ್ಯಾಂಕಿಗೆ ಇನ್ನೊಂದು ಸಾಲಕ್ಕೆ ಹೋದಾಗ ಅವರು ಮೊದಲು ನೋಡುವ ಅಂಕಿಗಳಲ್ಲಿ ಇದೂ ಒಂದು. ನಿಮ್ಮ ತೆರಿಗೆ ನಂತರದ ಲಾಭಕ್ಕೆ ಸವಕಳಿ ಮತ್ತು ಬಡ್ಡಿ ಕೂಡಿಸಿ, ಅದನ್ನು ಆ ವರ್ಷದ ಬಡ್ಡಿ ಮತ್ತು ಅಸಲಿನ ಮೊತ್ತದಿಂದ ಭಾಗಿಸಿ ನೀವು ಸಾಲ ತಡೆದುಕೊಳ್ಳುತ್ತೀರಾ ಅಂತ ನೋಡುತ್ತಾರೆ. ಬಡ್ಡಿಯೇ ಬೇರೆ ಸಾಲಿನಲ್ಲಿ ಕಾಣದಿದ್ದರೆ ಆ ಲೆಕ್ಕ ಮಾಡುವುದೇ ಆಗುವುದಿಲ್ಲ.

ಆ 1,85,667 ನಿಮಗೂ ಮುಖ್ಯ. ಅದು ಖರ್ಚಲ್ಲ, ಲಾಭ-ನಷ್ಟ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ, ಆದರೆ ಖಾತೆಯಿಂದ ಹೊರಗೆ ಹೋಗುತ್ತದೆ. ಮುಂದಿನ ವರ್ಷದ ಸವಕಳಿ, ಉಳಿದ 7,40,000ದ 15%, ಅಂದರೆ 1,11,000. ಇದು ದುಡ್ಡು ಹೊರಗೆ ಹೋಗದೇ ಖರ್ಚಾಗಿ ಸಿಗುವ ಮೊತ್ತ, ಹಾಗಾಗಿ ಅಷ್ಟು ಅಸಲಿಗೆ ಇದರ ಬೆಂಬಲ ಇದೆ. ಉಳಿದ 74,667 ತೆರಿಗೆ ಕಟ್ಟಿ ಉಳಿದ ಲಾಭದಿಂದಲೇ ಬರಬೇಕು. ಲಾಭ ಚೆನ್ನಾಗಿದೆ, ಆದರೆ ಖಾತೆಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಅಂತ ಮುಂದಿನ ವರ್ಷ ನಿಮಗೆ ಅನ್ನಿಸಿದರೆ ಮೊದಲು ಇಲ್ಲಿ ನೋಡಿ. ಮನೆ ಖರ್ಚಿಗೆ ಪ್ರೆಸ್‌ನಿಂದ ಎಷ್ಟು ತೆಗೆಯಬಹುದು ಅಂತ ನಿರ್ಧರಿಸುವಾಗ ಈ 74,667ನ್ನು ಮೊದಲೇ ಪಕ್ಕಕ್ಕೆ ಇಡಿ.

ಇನ್ನೆರಡು ವಿಷಯ ನಿಮ್ಮ ಸಾಲಕ್ಕೆ ಅನ್ವಯಿಸುವುದಿಲ್ಲ, ಆದರೆ ಇನ್ನೊಂದು ಮೆಷಿನ್ ತೆಗೆದುಕೊಳ್ಳುವಾಗ ಬೇಕಾಗುತ್ತದೆ. ನೀವು ಆವತ್ತೇ ಕೆಲಸ ಶುರು ಮಾಡಿದಿರಿ. ಸಾಲ ಬಂದು ಮೆಷಿನ್ ಕೂರಿಸಲು ಎರಡು ತಿಂಗಳು ಹಿಡಿದಿದ್ದರೆ, ಆ ಎರಡು ತಿಂಗಳ ಬಡ್ಡಿ ಆ ವರ್ಷದ ಖರ್ಚಲ್ಲ. ಮೆಷಿನ್ ಬಳಕೆಗೆ ಬರುವವರೆಗಿನ ಬಡ್ಡಿಯನ್ನು ಮೆಷಿನ್ ಬೆಲೆಗೆ ಸೇರಿಸಬೇಕು, ಅದಕ್ಕೂ ಸವಕಳಿಯೇ ಸಿಗುತ್ತದೆ. ಇನ್ನೊಂದು, ಬ್ಯಾಂಕಿಗೆ ಕೊಡುವ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯಬೇಕಾಗಿಲ್ಲ. ಆದರೆ ಸಾಲ ಬ್ಯಾಂಕೇತರ ಫೈನಾನ್ಸ್ ಕಂಪನಿಯದ್ದಾಗಿದ್ದು, ಹಿಂದಿನ ವರ್ಷ ನಿಮ್ಮ ವ್ಯಾಪಾರದ ವಹಿವಾಟು 1 ಕೋಟಿ ದಾಟಿದ್ದರೆ, ಕಂತಿನೊಳಗಿನ ಬಡ್ಡಿಯ ಮೇಲೆ 10% ಟಿಡಿಎಸ್ ಹಿಡಿದು ಕಟ್ಟುವ ಹೊಣೆ ನಿಮ್ಮದು. ಕಂತು ಖಾತೆಯಿಂದ ತಾನಾಗಿ ಪೂರ್ತಿ ಹೋಗಿಬಿಡುವುದರಿಂದ ಇದು ಗಮನಕ್ಕೇ ಬರುವುದಿಲ್ಲ. ಹಿಡಿಯದೇ ಬಿಟ್ಟರೆ ಆ ಬಡ್ಡಿಯ 30% ಖರ್ಚು ಒಪ್ಪುವುದಿಲ್ಲ. ಅಂಥ ಸಾಲ ತೆಗೆದುಕೊಂಡರೆ ಮೊದಲ ಕಂತಿಗೆ ಮುಂಚೆಯೇ ಕಂಪನಿಯವರ ಹತ್ತಿರ ಮಾತಾಡಿ, ನೀವು ಕಟ್ಟಿದ ಟಿಡಿಎಸ್ ಮೊತ್ತವನ್ನು ಅವರು ಹೇಗೆ ವಾಪಸ್ ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿಟ್ಟುಕೊಳ್ಳಿ.